ಹಸುಗೂಸಿನ ಮೈಮೇಲೆ ಕೆಂಪು ದದ್ದು, ಮೂಗಿನ ಮೇಲೆ ಬಿಳಿ ಕಾಳು, ತಲೆಯಲ್ಲಿ ಹಕ್ಕಳೆ: ಯಾವುದನ್ನು ಸುಮ್ಮನೆ ಬಿಡಬೇಕು, ಯಾವುದಕ್ಕೆ ಓಡಬೇಕು

ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿರುವ ನನ್ನ ಫೋನಿಗೆ, ಮನೆಗೆ ಹೋದ ಬಾಣಂತಿಯರು ಕಳಿಸುವ ಫೋಟೋಗಳಲ್ಲಿ ಮೂರು ಬಗೆಯವು ಮತ್ತೆ ಮತ್ತೆ ಬರುತ್ತವೆ. ಎರಡು ಮೂರು ದಿನದ ಮಗುವಿನ ಎದೆ, ಬೆನ್ನಿನ ಮೇಲೆ ಸೊಳ್ಳೆ ಕಚ್ಚಿದ ಹಾಗೆ ಕೆಂಪು ದದ್ದು. ಮೂಗಿನ ತುದಿಯಲ್ಲಿ ಗಸಗಸೆ ಉದುರಿಸಿದ ಹಾಗೆ ಬಿಳಿ ಕಾಳು. ತಿಂಗಳು ಕಳೆದ ಮೇಲೆ ತಲೆಗೆ ಅಂಟಿಕೊಂಡ ಹಳದಿ ಹಕ್ಕಳೆ. ಜೊತೆಗೆ ಬರುವ ಪ್ರಶ್ನೆಯೂ ಒಂದೇ: "ನಾನು ತಿಂದಿದ್ದು ಏನಾದ್ರೂ ನಂಜಾಯ್ತಾ ಸಿಸ್ಟರ್?"

ನಂಜಲ್ಲ. ಈ ಮೂರೂ ತಾವಾಗಿಯೇ ಹೋಗುತ್ತವೆ. ಆದರೆ ಹಸುಗೂಸಿನ ಮೈಮೇಲಿನ ಎಲ್ಲ ಗುಳ್ಳೆಯೂ ಹಾಗಲ್ಲ. ಕೆಲವನ್ನು ಅದೇ ದಿನ ಡಾಕ್ಟರಿಗೆ ತೋರಿಸಲೇಬೇಕು. ಅದಕ್ಕೇ ನೋಡುವ ಕ್ರಮವನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಬೇಕಾಗುವ ಸಾಮಾನು

ನೋಡುವುದಕ್ಕೆ ಕಿಟಕಿಯ ಬೆಳಕು, ಡಿಜಿಟಲ್ ಥರ್ಮಾಮೀಟರ್, ಫೋನಿನ ಕ್ಯಾಮೆರಾ, ತಾಯಿ ಕಾರ್ಡ್ ಸಾಕು. ತಲೆಯ ಹಕ್ಕಳೆಗೆ ವಾಸನೆಯಿಲ್ಲದ ಬೇಬಿ ಆಯಿಲ್ ಅಥವಾ ಪೆಟ್ರೋಲಿಯಂ ಜೆಲ್ಲಿ, ಮಕ್ಕಳ ಶಾಂಪೂ, ಮಗುವಿಗೆಂದೇ ಇಟ್ಟ ಮೆತ್ತನೆಯ ಬ್ರಷ್, ಒಂದು ಹತ್ತಿ ಬಟ್ಟೆ.

ಹಂತ 1: ಮೊದಲು ಮಗುವನ್ನು ನೋಡಿ, ಆಮೇಲೆ ದದ್ದನ್ನು

ದದ್ದು ಕಂಡ ಕೂಡಲೇ ಎಲ್ಲರ ಕಣ್ಣೂ ಅಲ್ಲೇ ನೆಡುತ್ತದೆ. ಅದನ್ನು ಒಂದು ನಿಮಿಷ ಬದಿಗಿಡಿ. ಮಗು ಎದ್ದು ಎಂದಿನಂತೆ ಹಾಲು ಕುಡಿಯುತ್ತಿದೆಯಾ? ಅಂಗಾಲು ತಟ್ಟಿದರೆ ಕಾಲು ಎಳೆದುಕೊಳ್ಳುತ್ತದಾ? ಥರ್ಮಾಮೀಟರ್ ಕಂಕುಳಲ್ಲಿಟ್ಟು ನೋಡಿ. ಮಗು ಮಲಗಿರುವಾಗ ಎದೆಯ ಮೇಲೆ ಕಣ್ಣಿಟ್ಟು, ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ.

ಹಾಲು ಕುಡಿಯುವುದನ್ನು ಬಿಟ್ಟಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಕಂಕುಳ ಕಾವು 37.5 ಡಿಗ್ರಿ ಸೆಲ್ಸಿಯಸ್ (99.5 ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, 35.5ಕ್ಕಿಂತ ಕಡಿಮೆ ಇದ್ದರೆ, ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ಲೇಖನ ಮುಂದೆ ಓದಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ. ದದ್ದು ಯಾವುದೇ ಇರಲಿ, ಈ ಲಕ್ಷಣ ಇರುವ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು.

ಇವು ಯಾವುದೂ ಇಲ್ಲ ಅಂದರೆ ಮಗುವಿಗೆ ಎಷ್ಟು ದಿನ ಆಯಿತು ಅಂತ ಲೆಕ್ಕ ಹಾಕಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಬಿಳಿ ಕಾಳು ಸಾಮಾನ್ಯವಾಗಿ ಹುಟ್ಟುವಾಗಲೇ ಇರುತ್ತದೆ. ಕೆಂಪು ದದ್ದು ಹೆಚ್ಚಾಗಿ ಎರಡನೇ, ಮೂರನೇ ದಿನ ಏಳುತ್ತದೆ. ತಲೆಯ ಹಕ್ಕಳೆ ಕಾಣಿಸಿಕೊಳ್ಳುವುದು ಮೂರು ವಾರ ಕಳೆದ ಮೇಲೆ, ಮೂರು ತಿಂಗಳ ಒಳಗೆ.

ಹಂತ 2: ಎರಡನೇ ದಿನದ ಕೆಂಪು ದದ್ದು

ಇದಕ್ಕೆ ವೈದ್ಯರು ಇಟ್ಟಿರುವ ಹೆಸರು ಎರಿಥೀಮಾ ಟಾಕ್ಸಿಕಮ್. ಎರಿಥೀಮಾ ಅಂದರೆ ಚರ್ಮ ಕೆಂಪಾಗುವುದು, ಟಾಕ್ಸಿಕಮ್ ಅಂದರೆ ವಿಷದಿಂದ ಆದದ್ದು. ಡಿಸ್ಚಾರ್ಜ್ ಚೀಟಿಯಲ್ಲಿ ಈ ಹೆಸರು ಓದಿ ಅತ್ತ ತಾಯಂದಿರನ್ನು ನೋಡಿದ್ದೇನೆ. 1912ರಲ್ಲಿ ಕಾರ್ಲ್ ಲೈನರ್ ಎಂಬ ವೈದ್ಯ ಈ ಹೆಸರು ಕೊಟ್ಟಾಗ, ಮಗುವಿನ ಕರುಳಿನಿಂದ ಬರುವ ಯಾವುದೋ ವಿಷದಿಂದ ಹೀಗಾಗುತ್ತದೆ ಅಂದುಕೊಂಡಿದ್ದರು. ನಮ್ಮ ಅಜ್ಜಿಯರು "ನಂಜು" ಅನ್ನುವುದೂ ಹೆಚ್ಚುಕಡಿಮೆ ಅದೇ ಊಹೆ. ಊಹೆ ತಪ್ಪು ಅಂತ ಗೊತ್ತಾಯಿತು, ಹೆಸರು ಮಾತ್ರ ಉಳಿದುಬಿಟ್ಟಿತು. ತುಂಬು ತಿಂಗಳಿಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಇದು ಬರಬಹುದು.

ಹತ್ತಿರದಿಂದ ನೋಡಿದರೆ ಹೀಗಿರುತ್ತದೆ: ಅಂಚು ಸರಿಯಾಗಿ ಕಾಣದ ಕೆಂಪು ಮಚ್ಚೆ, ಅದರ ನಡುವೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಅಥವಾ ಹಳದಿ ಉಬ್ಬು. ಮುಖ, ಎದೆ, ಹೊಟ್ಟೆ, ಬೆನ್ನು, ತೊಡೆ ಎಲ್ಲಿ ಬೇಕಾದರೂ ಏಳುತ್ತದೆ. ಅಂಗೈ, ಅಂಗಾಲಿನಲ್ಲಿ ಮಾತ್ರ ಏಳುವುದಿಲ್ಲ. ಕಾರಣ ಇದೆ. ಮಗುವಿನ ರೋಗನಿರೋಧಕ ಕಣಗಳು ಕೂದಲ ಬುಡದ ಸುತ್ತ ಸೇರಿಕೊಳ್ಳುವುದರಿಂದ ಈ ಉಬ್ಬು ಬರುತ್ತದೆ. ಅಂಗೈ, ಅಂಗಾಲಿನಲ್ಲಿ ಕೂದಲ ಬುಡವೇ ಇಲ್ಲವಲ್ಲ.

ಗೋಧಿ ಬಣ್ಣದ ಅಥವಾ ಕಪ್ಪು ಮೈಬಣ್ಣದ ಮಗುವಿನಲ್ಲಿ ಕೆಂಪು ಅಷ್ಟು ಎದ್ದು ಕಾಣುವುದಿಲ್ಲ. ಟ್ಯೂಬ್‌ಲೈಟ್ ಬೆಳಕಿನಲ್ಲಂತೂ ಇನ್ನೂ ಮಸುಕು. ಹಾಗಾಗಿ ಕಿಟಕಿ ಹತ್ತಿರ ನೋಡಿ, ಬೆರಳ ತುದಿಯಿಂದ ಮೆಲ್ಲಗೆ ಸವರಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಗುತ್ತದೆ.

ಈಗ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ಮಚ್ಚೆಯ ಮೇಲೆ ಬೆರಳಿಟ್ಟು ಎರಡು ಸೆಕೆಂಡ್ ಒತ್ತಿ ಬಿಡಿ. ಕೆಂಪು ಮಾಯವಾಗಿ ಮತ್ತೆ ಮೆಲ್ಲಗೆ ಮರಳಬೇಕು. ಒತ್ತಿದರೂ ಹೋಗದ ಕೆಂಪು ಅಥವಾ ನೇರಳೆ ಚುಕ್ಕೆ ಅಂದರೆ ಚರ್ಮದ ಕೆಳಗೆ ರಕ್ತ ಜಿನುಗಿದೆ ಅಂತ ಅರ್ಥ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಿ.

ಎರಡನೆಯದು ಫೋಟೋ ಪರೀಕ್ಷೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದೇ ಕಿಟಕಿಯ ಹತ್ತಿರ ಅದೇ ಜಾಗದ ಫೋಟೋ ತೆಗೆಯಿರಿ. ಈ ದದ್ದು ಒಂದೇ ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ಎದೆಯ ಮೇಲಿದ್ದದ್ದು ಸಂಜೆಗೆ ಇರುವುದಿಲ್ಲ, ಬೆನ್ನಿನ ಮೇಲೆ ಹೊಸದು ಎದ್ದಿರುತ್ತದೆ. ಎಷ್ಟೋ ಜನ ಇದನ್ನೇ "ಹರಡ್ತಾ ಇದೆ" ಅಂತ ಹೆದರುತ್ತಾರೆ. ಹೀಗೆ ಜಾಗ ಬದಲಿಸುತ್ತಿದೆ, ಮಗು ಚೆನ್ನಾಗಿದೆ ಅಂದರೆ ಅದು ಒಳ್ಳೆಯ ಗುರುತು. ಒಂದು, ಎರಡು ವಾರದಲ್ಲಿ ಕಲೆ ಉಳಿಸದೆ ಹೋಗುತ್ತದೆ.

ಮಾಡಬೇಕಾದದ್ದು ಏನೂ ಇಲ್ಲ. ಮಾಡಬಾರದ್ದು ಇದೆ. ಅರಿಶಿನ ಅರೆದು ಹಚ್ಚಬೇಡಿ. ಬೇವಿನ ನೀರಿನಿಂದ ಉಜ್ಜಬೇಡಿ. ಪೌಡರ್ ಹಾಕಬೇಡಿ, ಆ ಪುಡಿ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಸಾಂಬ್ರಾಣಿ ಹೊಗೆಗೂ ಇದೇ ಮಾತು. ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಈ ದದ್ದಿಗೆ ಹೆದರಿ ಬಾಣಂತಿಯ ಊಟ ಕಟ್ ಮಾಡಬೇಡಿ. ಬದನೆಕಾಯಿ ನಂಜು, ಬೇಳೆ ನಂಜು, ಮೊಟ್ಟೆ ನಂಜು ಅಂತ ಒಂದೊಂದೇ ತೆಗೆದು ಕೊನೆಗೆ ಬರೀ ಮೆಣಸಿನ ಸಾರು ಅನ್ನಕ್ಕೆ ತಂದಿಟ್ಟ ಮನೆಗಳಿವೆ. ಮಗುವಿನ ದದ್ದು ಅದರ ಪಾಡಿಗೆ ಹೋಗುತ್ತದೆ, ಪಥ್ಯದಿಂದಲೇ ಹೋಯಿತು ಅಂತ ಎಲ್ಲರೂ ನಂಬುತ್ತಾರೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ತಾಯಿ ಮಾತ್ರ ಇನ್ನಷ್ಟು ಸೊರಗುತ್ತಾಳೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ತೂಕ ತುಂಬ ಕಡಿಮೆ ಇರುವ ಮಕ್ಕಳಲ್ಲಿ ಈ ದದ್ದು ಅಪರೂಪ. ಅಂಥ ಮಗುವಿನ ಮೈಮೇಲೆ ಗುಳ್ಳೆ ಕಂಡರೆ ಇದೇ ಇರಬೇಕು ಅಂತ ನೀವೇ ತೀರ್ಮಾನಿಸದೆ ಡಾಕ್ಟರಿಗೆ ತೋರಿಸಿ.

ಹಂತ 3: ಇದು ಕೀವಿನ ಗುಳ್ಳೆ ಅಲ್ಲ ತಾನೆ?

ಮೋಸ ಹೋಗುವುದು ಇಲ್ಲಿ. ಎರಿಥೀಮಾದ ನಡುವಿನ ಹಳದಿ ಉಬ್ಬೂ ಕೀವಿನ ಹಾಗೇ ಕಾಣುತ್ತದೆ. ಆದರೆ ಅದರಲ್ಲಿ ರೋಗಾಣು ಇರುವುದಿಲ್ಲ. ಅದರ ದ್ರವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ಇಯೋಸಿನೋಫಿಲ್ ಎಂಬ ಒಂದು ಬಗೆಯ ಬಿಳಿ ರಕ್ತಕಣ, ಅಷ್ಟೇ. ಅನುಮಾನ ಇದ್ದಾಗ ಡಾಕ್ಟರು ಈ ಪರೀಕ್ಷೆ ಮಾಡಿಸುತ್ತಾರೆ.

ಮನೆಯಲ್ಲಿ ಹೀಗೆ ನೋಡಿ. ನಿಜವಾದ ಕೀವುಗುಳ್ಳೆ ಇದ್ದ ಜಾಗದಲ್ಲೇ ಇದ್ದು ದೊಡ್ಡದಾಗುತ್ತದೆ. ಕತ್ತಿನ ಮಡಿಕೆ, ಕಂಕುಳು, ತೊಡೆಸಂದು, ಹೊಕ್ಕುಳ ಸುತ್ತ ಜಾಸ್ತಿ. ಬೇಗ ಒಡೆಯುತ್ತದೆ. ಒಡೆದ ಮೇಲೆ ಹಸಿ ಚರ್ಮ ಕಾಣುತ್ತದೆ ಅಥವಾ ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ. ನಮ್ಮ ದೇಶದಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಕಲಿಸುವ ಒಂದು ಸುಲಭದ ಲೆಕ್ಕ ಇದೆ: ಕೀವುಗುಳ್ಳೆ 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಇಲ್ಲವೇ ಒಂದೇ ದೊಡ್ಡ ಕುರು ಇದ್ದರೆ, ಸೋಂಕು ಮೈಯೊಳಗೆ ಇಳಿದಿರಬಹುದು ಅಂತ ತಿಳಿದು ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಮನೆಮದ್ದು ಸಾಕು ಅಂತ ಅರ್ಥ ಅಲ್ಲ. ಅದನ್ನೂ ಅವತ್ತೇ ತೋರಿಸಬೇಕು, ಔಷಧ ಬೇಕಾಗುತ್ತದೆ.

ನೀರು ತುಂಬಿದ ಸಣ್ಣ ಗುಳ್ಳೆಗಳು ಗೊಂಚಲು ಗೊಂಚಲಾಗಿ ಎದ್ದಿದ್ದರೆ, ಅದರಲ್ಲೂ ಮನೆಯವರಲ್ಲಿ ಯಾರಿಗಾದರೂ ತುಟಿ ಮೇಲೆ ಅಂಥದ್ದೇ ಗುಳ್ಳೆ ಆಗಿದ್ದರೆ, ಅದು ಹರ್ಪಿಸ್ ಎಂಬ ವೈರಸ್ ಇರಬಹುದು. ಹಸುಗೂಸಿಗೆ ಇದು ಪ್ರಾಣಾಪಾಯ. ಮಗು ನಗುನಗುತ್ತಾ ಇದ್ದರೂ ಕಾಯಬೇಡಿ. ಅಂಗೈ, ಅಂಗಾಲಿನಲ್ಲಿ ಗುಳ್ಳೆ ಎದ್ದರೂ ಅದೇ ದಿನ ತೋರಿಸಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹುಷಾರಿಲ್ಲದ ಶಿಶುವಿಗೆ ಚಿಕಿತ್ಸೆ, ಔಷಧ, ಓಡಾಟ ಉಚಿತ. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕು. ಬಂದಾಗ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ ತೋರಿಸಿ. ತೊಟ್ಟಿಲಿನಲ್ಲಿ ಸುತ್ತಿಟ್ಟ ಮಗುವಿನ ಕಂಕುಳು, ತೊಡೆಸಂದು ಯಾರಿಗೂ ಕಾಣುವುದಿಲ್ಲ.

ಹಂತ 4: ಬಿಳಿ ಕಾಳು

ಇದು ಮಿಲಿಯಾ. ಒಂದೆರಡು ಮಿಲಿಮೀಟರ್ ಅಗಲದ, ಮುತ್ತಿನ ಹಾಗೆ ಹೊಳೆಯುವ ಬಿಳಿ ಕಾಳು. ಮೂಗು, ಕೆನ್ನೆ, ಗಲ್ಲ, ಹಣೆಯಲ್ಲಿ ಇರುತ್ತದೆ, ಸುತ್ತ ಕೆಂಪು ಇರುವುದಿಲ್ಲ. ಒಳಗಿರುವುದು ಹಾಲೂ ಅಲ್ಲ, ಕೀವೂ ಅಲ್ಲ. ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಆ ಕೆರಾಟಿನ್ ಎಂಬ ವಸ್ತು ಚರ್ಮದ ಕೆಳಗೆ ಸಣ್ಣ ಚೀಲದಲ್ಲಿ ಸಿಕ್ಕಿಕೊಂಡಿರುತ್ತದೆ. ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ಹೋಗುತ್ತದೆ. ಹಿಸುಕಬೇಡಿ. ಹಿಸುಕಿದರೆ ಕಾಳು ಬರುವುದಿಲ್ಲ, ಗಾಯ ಆಗಿ ಸೋಂಕು ತಗಲುತ್ತದೆ. ಇಂಥದ್ದೇ ಬಿಳಿ ಕಾಳು ಅಂಗುಳಿನಲ್ಲಿ, ಒಸಡಿನ ಮೇಲೂ ಕಾಣಬಹುದು. "ಹಲ್ಲು ಬಂದಿದೆ, ಅಪಶಕುನ" ಅಂತ ಉಗುರಿನಿಂದ ಕೀಳಲು ಹೋಗುವವರಿದ್ದಾರೆ. ದಯವಿಟ್ಟು ಬೇಡ, ಅದೂ ತಾನಾಗಿಯೇ ಹೋಗುತ್ತದೆ.

ಹಂತ 5: ತಲೆಯ ಹಕ್ಕಳೆ

ಕ್ರೇಡಲ್ ಕ್ಯಾಪ್ ಅಂದರೆ ತೊಟ್ಟಿಲ ಟೋಪಿ. ನೆತ್ತಿಯ ಮೇಲೆ ಹಳದಿ ಅಥವಾ ಕಂದು ಬಣ್ಣದ ಜಿಡ್ಡು ಜಿಡ್ಡಾದ ಪದರ ಕಟ್ಟುತ್ತದೆ. ಹುಬ್ಬು, ಕಿವಿಯ ಹಿಂದೆಯೂ ಬರಬಹುದು. ತಾಯಿಯಿಂದ ಬಂದ ಹಾರ್ಮೋನಿನ ಪ್ರಭಾವದಿಂದ ಮಗುವಿನ ತಲೆಯ ಎಣ್ಣೆ ಗ್ರಂಥಿಗಳು ಜಾಸ್ತಿ ಜಿಡ್ಡು ಸುರಿಸುತ್ತವೆ. ಎಲ್ಲರ ಚರ್ಮದ ಮೇಲೂ ಇರುವ ಮಲಸೀಜಿಯಾ ಎಂಬ ಶಿಲೀಂಧ್ರ ಆ ಜಿಡ್ಡು ತಿಂದು ಬೆಳೆಯುತ್ತದೆ. ಉದುರಬೇಕಾದ ಹೊಟ್ಟು ಉದುರದೆ ಅಂಟಿಕೊಳ್ಳುತ್ತದೆ. ಇದು ಕೊಳೆ ಅಲ್ಲ, ಅಂಟುರೋಗ ಅಲ್ಲ, ಸಾಮಾನ್ಯವಾಗಿ ತುರಿಕೆಯೂ ಇರುವುದಿಲ್ಲ. ಏನೂ ಮಾಡದಿದ್ದರೂ ತಿಂಗಳುಗಳಲ್ಲಿ ಹೋಗುತ್ತದೆ, ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ಮಕ್ಕಳಿಗೆ ಇರುವುದಿಲ್ಲ. ತೆಗೆಯಲೇಬೇಕು ಅನ್ನಿಸಿದರೆ ಹೀಗೆ ಮಾಡಿ.

ಮೊದಲು ಮೂರು ನಾಲ್ಕು ಹನಿ ಬೇಬಿ ಆಯಿಲ್ ಅಂಗೈಗೆ ಹಾಕಿಕೊಂಡು ಹಕ್ಕಳೆ ಇರುವ ಜಾಗಕ್ಕಷ್ಟೇ ಸವರಿ. ತಲೆ ತೊಯ್ಯಬೇಕಿಲ್ಲ, ಪದರ ನೆನೆದರೆ ಸಾಕು. ಕೊಬ್ಬರಿ ಎಣ್ಣೆ ಮಾತ್ರ ಇದೆ ಅಂದರೆ ಅದೂ ಆಗುತ್ತದೆ, ಆದರೆ ಪೂರ್ತಿ ತೊಳೆಯಬೇಕು. ಸಾಸಿವೆ ಎಣ್ಣೆ ಬೇಡ, ಚರ್ಮ ಉರಿಯುತ್ತದೆ. ಆಲಿವ್ ಎಣ್ಣೆಯೂ ಬೇಡ.

ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲೇ ಬರೆಯಬೇಕು: ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯನ್ನು ಮಗುವಿಗೆ ಎಂದೂ ಮುಟ್ಟಿಸಬೇಡಿ. ದೊಡ್ಡವರ ಹೊಟ್ಟಿಗೆ ಅದನ್ನು ಹಚ್ಚುವ ಮನೆಗಳು ತುಂಬ. ಕರ್ಪೂರ ಮಗುವಿನ ಮೈಗೆ ಸೇರಿದರೆ ಫಿಟ್ಸ್ ಬರಬಹುದು.

ಎಣ್ಣೆ ಹಚ್ಚಿ 15ರಿಂದ 20 ನಿಮಿಷ ಬಿಡಿ. ಪದರ ತುಂಬ ದಪ್ಪ ಇದ್ದರೆ ಒಂದೆರಡು ಗಂಟೆ. ಆಮೇಲೆ ಬ್ರಷ್‌ನಿಂದ ಚಿಕ್ಕ ಚಿಕ್ಕ ಸುತ್ತು ಹಾಕುತ್ತಾ, ಒಂದೇ ನಿಮಿಷ ಉಜ್ಜಿ. ನೆತ್ತಿ ಮಿಡಿಯುವ ಜಾಗ ಮುಟ್ಟಬಾರದು ಅಂತ ಅದನ್ನು ಬಿಟ್ಟುಬಿಡುತ್ತಾರೆ, ಅಲ್ಲೇ ಹಕ್ಕಳೆ ದಪ್ಪ ಆಗುತ್ತದೆ. ಅಲ್ಲಿ ಗಟ್ಟಿ ಪೊರೆ ಇದೆ, ಮೆತ್ತನೆ ಬ್ರಷ್ ಆಡಿಸಿದರೆ ಏನೂ ಆಗುವುದಿಲ್ಲ. ಒತ್ತಬೇಡಿ, ಅಷ್ಟೇ. ಎದ್ದ ಚೂರುಗಳನ್ನು ಬಟ್ಟೆಯಿಂದ ಒರೆಸಿ. ಏಳದ್ದನ್ನು ಉಗುರಿನಿಂದ ಕೆರೆಯಬೇಡಿ, ಬಾಚಣಿಗೆಯಿಂದ ಎಬ್ಬಬೇಡಿ. ಕಿತ್ತ ಜಾಗದಲ್ಲಿ ರಕ್ತ ಬರುತ್ತದೆ, ಅಲ್ಲಿಂದ ಸೋಂಕು ಒಳಗೆ ಹೋಗುತ್ತದೆ.

ಕೊನೆಗೆ ಕಡಲೆಕಾಳಿನಷ್ಟು ಮಕ್ಕಳ ಶಾಂಪೂ ಹಾಕಿ ತೊಳೆಯಿರಿ. ತಲೆ ಒರೆಸಿದ ಮೇಲೆ ಬೆರಳಿಗೆ ಎಣ್ಣೆ ಹತ್ತಬಾರದು. ಹತ್ತಿದರೆ ಇನ್ನೊಮ್ಮೆ ತೊಳೆಯಿರಿ. ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಜನ ಬಿಡುವುದೂ ಇದನ್ನೇ. ಕಡಲೆಹಿಟ್ಟು, ಸೀಗೆಪುಡಿ ಬೇಡ. ಅವು ಎಣ್ಣೆಗೆ ಕಲಸಿಕೊಂಡು ಹಕ್ಕಳೆಯ ಸಂದಿಯಲ್ಲೇ ಕೂರುತ್ತವೆ.

ಏಳು ವಾರದ ಒಂದು ಮಗುವನ್ನು ಇಂಜೆಕ್ಷನ್‌ಗೆ ಕರೆತಂದಾಗ ನೆತ್ತಿಯ ಮೇಲೆ ಹಾಲಿನ ಪಾತ್ರೆಯ ತಳಕ್ಕೆ ಅಂಟಿದ ಹಾಗೆ ದಪ್ಪ ಹಳದಿ ಪೊರೆ ಇತ್ತು. ಅಜ್ಜಿ ದಿನಾ ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದರು, ಕಡಲೆಹಿಟ್ಟಿನಲ್ಲಿ ತೊಳೆಯುತ್ತಿದ್ದರು. ಹಕ್ಕಳೆ ಕಂಡಂತೆ ಎಣ್ಣೆಯೂ ಜಾಸ್ತಿ ಆಗಿತ್ತು. ಪ್ರೀತಿಯಿಂದಲೇ ಮಾಡಿದ್ದು, ಆದರೆ ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ ಸೇರಿ ಪದರ ಗಟ್ಟಿಯಾಗಿತ್ತು. ದಿನದ ಎಣ್ಣೆ ನಿಲ್ಲಿಸಿ, ದಿನ ಬಿಟ್ಟು ದಿನ ಮೇಲೆ ಹೇಳಿದಂತೆ ಮಾಡಲು ಹೇಳಿದೆವು. ಮೊದಲ ಸಲ ಅಂಚಿನ ಚೂರುಗಳಷ್ಟೇ ಬಂದವು. ಮೂರನೇ ಸಲಕ್ಕೆ ಮುಂದಲೆ ಚೊಕ್ಕಟ ಆಯಿತು. ಎರಡು ವಾರಕ್ಕೆ ನೆತ್ತಿಯ ನಡುವೆ ತೆಳ್ಳಗೆ ಒಂದು ರೂಪಾಯಿ ನಾಣ್ಯದಷ್ಟು ಉಳಿದಿತ್ತು, ಅದನ್ನು ಹಾಗೇ ಬಿಟ್ಟೆವು. ಆಮೇಲೆ ವಾರಕ್ಕೆ ಎರಡು ಸಲ ಶಾಂಪೂ ಸಾಕಾಯಿತು.

ಹಂತ 6: ಹಕ್ಕಳೆಗೆ ಡಾಕ್ಟರ್ ಬೇಕಾಗುವುದು ಯಾವಾಗ

ಮೂರು ನಾಲ್ಕು ವಾರ ಸರಿಯಾಗಿ ಮಾಡಿದರೂ ಕಡಿಮೆ ಆಗದಿದ್ದರೆ ತೋರಿಸಿ. ಹಕ್ಕಳೆಯ ಕೆಳಗೆ ಚರ್ಮ ಕೆಂಪಾಗಿ ನೀರು ಸೋರುತ್ತಿದ್ದರೆ, ವಾಸನೆ ಬಂದರೆ ಬೇಗ ತೋರಿಸಿ. ಕತ್ತು, ಕಂಕುಳಿನ ಮಡಿಕೆಗಳಿಗೆ ಇಳಿದಿದ್ದರೂ ತೋರಿಸಿ. ಮಗು ತಲೆಯನ್ನು ಹಾಸಿಗೆಗೆ ಉಜ್ಜುತ್ತಾ, ನಿದ್ದೆಗೆಟ್ಟು ಕಿರಿಕಿರಿ ಮಾಡುತ್ತಿದ್ದರೆ ಅದು ಎಕ್ಸಿಮಾ ಇರಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ. ಹಕ್ಕಳೆಯ ನಡುವೆ ರಕ್ತದ ಚುಕ್ಕೆ ಕಂಡರೆ, ಮಗುವಿನ ತೂಕ ಏರದಿದ್ದರೆ ಕಾಯಬೇಡಿ.

ಡಾಕ್ಟರು ಕೀಟೋಕೋನಜೋಲ್ ಇರುವ ಶಾಂಪೂ ಅಥವಾ ಕ್ರೀಮನ್ನೋ, ಕೆಂಪು ಜಾಸ್ತಿ ಇದ್ದರೆ ಕೆಲವೇ ದಿನಕ್ಕೆ ತೀರ ಸೌಮ್ಯವಾದ ಸ್ಟೀರಾಯ್ಡ್ ಕ್ರೀಮನ್ನೋ ಬರೆಯಬಹುದು. ಅವರು ಹೇಳಿದಷ್ಟು ದಿನ, ಹೇಳಿದಷ್ಟೇ ಹಚ್ಚಿ. ಮೆಡಿಕಲ್ ಶಾಪಿನಲ್ಲಿ "ಮಗುವಿಗೆ ದದ್ದು" ಅಂತ ಕೇಳಿ ಟ್ಯೂಬ್ ತರಬೇಡಿ. ಹಾಗೆ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್, ಶಿಲೀಂಧ್ರದ ಔಷಧ, ಆ್ಯಂಟಿಬಯೋಟಿಕ್ ಮೂರೂ ಬೆರೆತಿರುತ್ತವೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಾಸೋನ್ ಅಂತ ಇದ್ದರೆ ಅದು ಜೋರಾದ ಸ್ಟೀರಾಯ್ಡ್. ಮಗುವಿನ ತೆಳು ಚರ್ಮದ ಮೂಲಕ ಅದು ರಕ್ತಕ್ಕೇ ಸೇರುತ್ತದೆ. ದೊಡ್ಡವರ ಹೊಟ್ಟಿನ ಶಾಂಪೂವನ್ನೂ ಹಾಕಬೇಡಿ. ಕೆಲವದರಲ್ಲಿ ಇರುವ ಸ್ಯಾಲಿಸಿಲಿಕ್ ಆಮ್ಲ ಕೂಡ ಹೀಗೇ ಚರ್ಮದಿಂದ ಒಳಗಿಳಿಯುತ್ತದೆ.

ಹಕ್ಕಳೆ ಏಳುವಾಗ ಜೊತೆಗೆ ನಾಲ್ಕಾರು ಕೂದಲು ಬರುವುದು ಸಹಜ, ಮತ್ತೆ ಹುಟ್ಟುತ್ತದೆ. ಕೆಲವು ವಾರ ಬಿಟ್ಟು ತೆಳ್ಳಗೆ ಮರಳಿ ಕಟ್ಟಿದರೆ ಐದನೇ ಹಂತವನ್ನೇ ಇನ್ನೊಂದೆರಡು ಸಲ ಮಾಡಿ.